ಐನ್ಮನೆಯ ಮಂದ ಬೆಳಕಿನಲ್ಲಿ ಕೈಯಲ್ಲೇ ಹಿಡಿದು ಸ್ಪಷ್ಟ ಚಿತ್ರ ತೆಗೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನ ಸುಗ್ಗಿಹಬ್ಬ ಪುತ್ತರಿ ಮುಗಿದ ವಾರ ನನಗೆ ಬರುವ ಚಿತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯವು. ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆ, ತೂಗುದೀಪ, ಸುತ್ತ ನಿಂತ ಒಕ್ಕದವರು ಎಂದರೆ ಕುಲದವರು, ಮತ್ತು ಎಲ್ಲರ ಮುಖವೂ ಮಸುಕು. ಜೊತೆಗೆ ಒಂದು ಪ್ರಶ್ನೆ ಇದ್ದೇ ಇರುತ್ತದೆ: ಕ್ಯಾಮೆರಾ ಒಳ್ಳೆಯದೇ, ಆದರೂ ಹೀಗೇಕೆ? ಕೊಡವ ಒಕ್ಕಗಳ ಮೂಲಮನೆಗಳಾದ ಹಳೆಯ ಐನ್ಮನೆಗಳ ಒಳಗೆ ಮರವೆಲ್ಲ ಹೊಗೆ ಮತ್ತು ಎಣ್ಣೆ ಕುಡಿದು ಕಪ್ಪಾಗಿರುತ್ತದೆ, ಕಿಟಕಿಗಳು ಚಿಕ್ಕವು. ಗೋಡೆಗೆ ಬಿದ್ದ ಬೆಳಕು ಅಲ್ಲೇ ಇಂಗಿಹೋಗುತ್ತದೆ. ಟ್ರೈಪಾಡ್ ಇಡಲು ಜಾಗವಿಲ್ಲ, ಇಟ್ಟರೂ ಜನ ಅಲುಗಾಡದೆ ನಿಲ್ಲುವುದಿಲ್ಲ. ಆದ್ದರಿಂದ ಈ ಪುಟದಲ್ಲಿ ಕೈಯಲ್ಲಿ ಹಿಡಿದು ತೆಗೆಯುವ ಚಿತ್ರದ ಬಗ್ಗೆ ಮಾತ್ರ ಬರೆದಿದ್ದೇನೆ.

ನನ್ನ ಚಿತ್ರ ಮಸುಕಾಗಿದೆ. ತಪ್ಪು ಕೈಯದೋ, ಎದುರಿನವರ ಚಲನೆಯದೋ, ಫೋಕಸ್‌ನದೋ?

ಮೊದಲು ಇದನ್ನು ತಿಳಿಯದೆ ಬೇರೇನನ್ನೂ ಬದಲಿಸಬೇಡಿ. ಮೂರು ತಪ್ಪುಗಳಿಗೆ ಮದ್ದು ಮೂರು ಬಗೆ. ಒಂದರ ಮದ್ದು ಇನ್ನೊಂದನ್ನು ಹೆಚ್ಚಿಸುವುದೂ ಉಂಟು.

ಚಿತ್ರವನ್ನು ಪೂರ್ತಿ ದೊಡ್ಡದು ಮಾಡಿ, ದೀಪದ ಬತ್ತಿಯನ್ನೋ ಪೀಚೆಕತ್ತಿಯ ಬೆಳ್ಳಿಯ ಮೇಲಿನ ಹೊಳಪಿನ ಚುಕ್ಕಿಯನ್ನೋ ಹುಡುಕಿ. ಆ ಚುಕ್ಕಿ ಗೆರೆಯಂತೆ ಎಳೆದುಕೊಂಡಿದ್ದು, ಕಂಬ, ಬಾಗಿಲು, ಮುಖ ಎಲ್ಲವೂ ಅದೇ ದಿಕ್ಕಿಗೆ ಎಳೆದಂತಿದ್ದರೆ ನಿಮ್ಮ ಕೈ ಅಲುಗಿದೆ. ಕಂಬದ ಕೆತ್ತನೆ ಚೊಕ್ಕವಾಗಿದ್ದು ಕೈಬೆರಳು, ತುಟಿ, ಸೀರೆಯ ಸೆರಗು ಮಾತ್ರ ಕರಗಿದ್ದರೆ ಅಲುಗಿದ್ದು ಎದುರಿನವರು. ಮುಖ ಮಸುಕಾಗಿದ್ದು ಅವರ ಹಿಂದಿನ ಗೋಡೆಯೋ ಮುಂದಿನ ಭುಜವೋ ಚೊಕ್ಕವಾಗಿದ್ದರೆ ಅದು ಫೋಕಸ್‌ನ ತಪ್ಪು. ಈ ಮೂರನೆಯದರಲ್ಲಿ ಹೊಳಪಿನ ಚುಕ್ಕಿ ಗೆರೆಯಾಗುವುದಿಲ್ಲ, ದುಂಡಗೆ ಊದಿಕೊಳ್ಳುತ್ತದೆ.

ನನಗೆ ಬರುವ ಚಿತ್ರಗಳಲ್ಲಿ ಮೊದಲೆರಡು ತಪ್ಪುಗಳೇ ಹೆಚ್ಚು, ಎರಡಕ್ಕೂ ಕಾರಣ ಷಟರ್ ನಿಧಾನವಾಗಿದ್ದದ್ದು, ಅಂದರೆ ಕ್ಯಾಮೆರಾ ಬೆಳಕಿಗೆ ಹೆಚ್ಚು ಹೊತ್ತು ತೆರೆದಿದ್ದದ್ದು. ಲೆನ್ಸ್ ಸರಿಯಿಲ್ಲ ಎಂದು ಹೊಸದನ್ನು ಕೊಂಡವರಿಗೆ ಈ ತಪ್ಪು ಹೊಸ ಲೆನ್ಸಿನಲ್ಲೂ ಹಾಗೆಯೇ ಮುಂದುವರಿಯುತ್ತದೆ.

ಷಟರ್ ವೇಗ, ಅಪರ್ಚರ್, ಐಎಸ್‌ಒ: ಮೂರರಲ್ಲಿ ಮೊದಲು ಯಾವುದನ್ನು ನಿರ್ಧರಿಸಬೇಕು?

ಷಟರ್ ವೇಗವನ್ನು. ಆಮೇಲೆ ಅಪರ್ಚರ್, ಅಂದರೆ ಲೆನ್ಸಿನೊಳಗಿನ ಕಿಂಡಿಯ ಅಗಲ; f ಪಕ್ಕದ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಐಎಸ್‌ಒ ಎಂದರೆ ಬಂದ ಬೆಳಕನ್ನು ಕ್ಯಾಮೆರಾ ಎಷ್ಟು ಹೆಚ್ಚಿಸಿ ತೋರಿಸುತ್ತದೆ ಎಂಬುದು; ಅದು ಕೊನೆಯದು, ಮೊದಲೆರಡರ ಲೆಕ್ಕ ಎಲ್ಲಿಗೆ ಬಂದು ನಿಲ್ಲುತ್ತದೋ ಅಲ್ಲಿ ಉಳಿದ ಬಾಕಿಯನ್ನು ಅದು ತುಂಬಲಿ.

ಕಾರಣ ಸರಳ. ಅಲುಗಿದ ಮುಖವನ್ನು ಆಮೇಲೆ ಕಂಪ್ಯೂಟರಿನಲ್ಲಿ ನೆಟ್ಟಗೆ ಸರಿಪಡಿಸಲಾಗುವುದಿಲ್ಲ. ಫೋಕಸ್ ತಪ್ಪಿದ ಕಣ್ಣನ್ನೂ ಅಷ್ಟೆ. ಐಎಸ್‌ಒ ಏರಿಸಿದಾಗ ಬರುವ ನಾಯ್ಸ್, ಅಂದರೆ ರವೆ ಚೆಲ್ಲಿದಂತೆ ಕಾಣುವ ಕಾಳು, ಅಂಥದ್ದಲ್ಲ. ಅದನ್ನು ತಗ್ಗಿಸಬಹುದು, ಚಿಕ್ಕ ಪ್ರಿಂಟಿನಲ್ಲಿ ಅದು ಕಣ್ಣಿಗೇ ಬೀಳದಿರಬಹುದು. ಕ್ಯಾಮೆರಾವನ್ನು ಪೂರ್ತಿ ಆಟೊಗೆ ಬಿಟ್ಟರೆ ಅದು ಹಲವೊಮ್ಮೆ ಇದಕ್ಕೆ ತಲೆಕೆಳಗಾಗಿ ನಡೆದುಕೊಳ್ಳುತ್ತದೆ: ಐಎಸ್‌ಒ ಅನ್ನು ತಗ್ಗಿಸಿ ಇಟ್ಟುಕೊಳ್ಳಲು ಷಟರ್ ಅನ್ನು ನಿಧಾನ ಮಾಡುತ್ತದೆ. ಎದುರಿಗಿರುವುದು ಗೋಡೆಯೋ ನಗುತ್ತಿರುವ ಮನುಷ್ಯನೋ ಎಂಬುದು ಎಲ್ಲ ಕ್ಯಾಮೆರಾಗಳಿಗೂ ತಿಳಿಯುವುದಿಲ್ಲ.

ಮುಂದಿನ ಲೆಕ್ಕಕ್ಕೆ ಒಂದೇ ಅಳತೆ ನೆನಪಿದ್ದರೆ ಸಾಕು. ಬೆಳಕನ್ನು ಎರಡು ಪಟ್ಟು ಮಾಡುವುದನ್ನು ಅಥವಾ ಅರ್ಧಕ್ಕೆ ಇಳಿಸುವುದನ್ನು ಒಂದು ಸ್ಟಾಪ್ ಎನ್ನುತ್ತಾರೆ. 1/60 ರಿಂದ 1/125 ಗೆ ಹೋದರೆ ಒಂದು ಸ್ಟಾಪ್ ಬೆಳಕು ಕಳೆಯಿತು. f/2.8 ರಿಂದ f/2 ಗೆ ತೆರೆದರೆ ಒಂದು ಸ್ಟಾಪ್ ಸಿಕ್ಕಿತು. ಐಎಸ್‌ಒ 1600 ರಿಂದ 3200 ಕ್ಕೆ ಹೋದರೂ ಚಿತ್ರ ಒಂದು ಸ್ಟಾಪ್ ಬೆಳಗುತ್ತದೆ, ಆದರೆ ಒಳಗೆ ಬಂದ ಬೆಳಕು ಅಷ್ಟೇ ಇರುತ್ತದೆ. ನಾಯ್ಸ್ ಹುಟ್ಟುವುದು ಬಹುಪಾಲು ಈ ಬೆಳಕಿನ ಕೊರತೆಯಿಂದ.

ಎಷ್ಟು ಷಟರ್ ವೇಗ ಇಟ್ಟರೆ ಸಾಕು?

ಎರಡು ಪ್ರಶ್ನೆ ಕೇಳಿಕೊಂಡು, ಎರಡರಲ್ಲಿ ಯಾವ ಉತ್ತರ ಹೆಚ್ಚಿನ ವೇಗ ಕೇಳುತ್ತದೋ ಅದನ್ನು ಇಟ್ಟುಕೊಳ್ಳಿ.

ಮೊದಲನೆಯದು, ನನ್ನ ಕೈಗೆ ಎಷ್ಟು ಬೇಕು? ಹಳೆಯ ರೂಢಿಯ ಪ್ರಕಾರ ಲೆನ್ಸಿನ ನಾಭಿದೂರ ಎಷ್ಟು ಮಿ.ಮೀ. ಇದೆಯೋ ಷಟರ್ ಸೆಕೆಂಡಿನ ಅಷ್ಟನೆಯ ಒಂದು ಭಾಗವಾದರೂ ಇರಬೇಕು. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸಿಗೆ 1/50. ನಮ್ಮಲ್ಲಿ ಹೆಚ್ಚಿನವರ ಬಳಿ ಇರುವುದು ಚಿಕ್ಕ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾ. ಅದರಲ್ಲಿ ಒಂದೂವರೆ ಪಟ್ಟು ಲೆಕ್ಕ ಹಾಕಬೇಕು, ಅಂದರೆ ಅದೇ 50 ಮಿ.ಮೀ. ಲೆನ್ಸಿಗೆ 1/75, ಡಯಲಿನಲ್ಲಿ ಸಿಗುವುದು 1/80. ಇದು ಫಿಲ್ಮಿನ ಕಾಲದಿಂದ ಬಂದ ಅಂದಾಜು. ಇಂದಿನ ಚಿತ್ರಗಳನ್ನು ಪರದೆಯ ಮೇಲೆ ಹಿಗ್ಗಿಸಿ ನೋಡುತ್ತೇವಾದ್ದರಿಂದ ಅದಕ್ಕಿಂತ ಸ್ವಲ್ಪ ಹೆಚ್ಚೇ ಇಟ್ಟುಕೊಳ್ಳುವುದು ಕ್ಷೇಮ.

ಎರಡನೆಯದು, ಎದುರಿನವರಿಗೆ ಎಷ್ಟು ಬೇಕು? ಕ್ಯಾಮೆರಾ ನೋಡಿ ಸುಮ್ಮನೆ ಕುಳಿತ ಅಜ್ಜಿಗೆ 1/60 ಸಾಕು. ಮಾತನಾಡುತ್ತಿರುವವರಿಗೆ, ಅಕ್ಕಿ ಹಾಕಿ ಹರಸುತ್ತಿರುವವರಿಗೆ 1/125 ಬೇಕು. ಮದುವೆ ಮನೆಯೊಳಗೆ ವಾಲಗಕ್ಕೆ ಕುಣಿಯುವವರನ್ನು ನಿಲ್ಲಿಸಬೇಕಾದರೆ 1/250 ಕ್ಕೂ ಕೆಲವೊಮ್ಮೆ ಕೈಬೆರಳು ಕರಗುತ್ತದೆ. ಕುಣಿತದಲ್ಲಿ ಕೈ ಮೇಲಕ್ಕೆ ಹೋಗಿ ತಿರುಗುವ ಗಳಿಗೆಯಲ್ಲಿ ಚಲನೆ ಒಂದಿಷ್ಟು ನಿಲ್ಲುತ್ತದೆ. ಆ ಗಳಿಗೆಗೆ ಕಾದು ಒತ್ತಿದರೆ 1/125 ರಲ್ಲೂ ಚಿತ್ರ ದಕ್ಕುವುದುಂಟು.

ನನ್ನ ಲೆನ್ಸಿನಲ್ಲಿ ಸ್ಟೆಬಿಲೈಸೇಶನ್ ಇದೆ. 1/15 ರಲ್ಲೂ ಚೊಕ್ಕ ಬರಬೇಕಲ್ಲವೇ?

ಕಂಬ, ದೀಪ, ಬಾಗಿಲುವಾಡದ ಕೆತ್ತನೆ ಬರುತ್ತದೆ. ಮನುಷ್ಯರು ಬರುವುದಿಲ್ಲ. ಸ್ಟೆಬಿಲೈಸೇಶನ್ ನಿಮ್ಮ ಕೈಯ ನಡುಕವನ್ನಷ್ಟೇ ಸರಿದೂಗಿಸುತ್ತದೆ. ಮನೆಯೊಳಗಿನ ಖಾಲಿ ನಡುಬಾಡೆಯನ್ನು ತೆಗೆಯುವಾಗ ಅದನ್ನು ಧಾರಾಳವಾಗಿ ನಂಬಿ, ಐಎಸ್‌ಒ ತಗ್ಗಿಸಿ 1/15 ರಲ್ಲಿ ತೆಗೆಯಿರಿ. ಜನ ಬಂದ ಕೂಡಲೇ 1/125 ಗೆ ಹೋಗಿ. ಈ ಎರಡನೆಯ ಹೆಜ್ಜೆ ಮರೆತುಹೋಗುವುದರಿಂದಲೇ ಕಂಬಗಳು ಸ್ಪಷ್ಟವಾಗಿಯೂ ನೆಂಟರು ಮಸುಕಾಗಿಯೂ ಇರುವ ಚಿತ್ರಗಳು ಹುಟ್ಟುತ್ತವೆ.

ಹಾಗಾದರೆ ಅಪರ್ಚರ್ ಅನ್ನು ಪೂರ್ತಿ ತೆರೆದುಬಿಡಬಹುದೇ?

ಒಬ್ಬರ ಚಿತ್ರವಾದರೆ ತೆರೆಯಿರಿ. ಆದರೆ ತೆರೆದಷ್ಟೂ ಚೊಕ್ಕ ಕಾಣುವ ಆಳ ಕಿರಿದಾಗುತ್ತದೆ ಎಂಬುದು ಲೆಕ್ಕದಲ್ಲಿರಲಿ. ಎಪಿಎಸ್-ಸಿ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸನ್ನು f/1.8 ಗೆ ತೆರೆದು ಎರಡು ಮೀಟರ್ ದೂರದವರನ್ನು ತೆಗೆದರೆ, ಹಿಂದು ಮುಂದು ಸೇರಿ ಸುಮಾರು 11 ಸೆಂ.ಮೀ. ಮಾತ್ರ ಚೊಕ್ಕವಾಗಿರುತ್ತದೆ. ಒಂದೂವರೆ ಮೀಟರಿಗೆ ಹತ್ತಿರ ಹೋದರೆ ಅದು ಆರೇಳು ಸೆಂ.ಮೀ.ಗೆ ಇಳಿಯುತ್ತದೆ. ಮೂಗಿನಿಂದ ಕಿವಿಯವರೆಗೂ ಅಷ್ಟು ಸಾಲದು.

ಇಲ್ಲಿ ಎಲ್ಲರಿಗೂ ತೋಚುವ ದಾರಿ ಅಪರ್ಚರ್ ಅನ್ನು ಕಿರಿದು ಮಾಡುವುದು. f/2.8 ಗೆ ಹೋದರೆ ಎರಡು ಮೀಟರಿನಲ್ಲಿ 18 ಸೆಂ.ಮೀ. ಸಿಗುತ್ತದೆ, ಆದರೆ ಒಂದು ಸ್ಟಾಪಿಗಿಂತ ಹೆಚ್ಚು ಬೆಳಕು ಹೋಗುತ್ತದೆ. ಅದರ ಬದಲು f/1.8 ರಲ್ಲೇ ಇದ್ದುಕೊಂಡು ಅರ್ಧ ಮೀಟರ್ ಹಿಂದೆ ಸರಿಯಿರಿ. ಎರಡೂವರೆ ಮೀಟರಿನಲ್ಲಿ ಅದೇ 18 ಸೆಂ.ಮೀ. ಆಳ ಸಿಗುತ್ತದೆ, ಬೆಳಕು ಒಂದಿಷ್ಟೂ ಕಳೆಯುವುದಿಲ್ಲ. ಆಮೇಲೆ ಚಿತ್ರದ ಅಂಚು ಕತ್ತರಿಸಿ ದೊಡ್ಡದು ಮಾಡಿದರೆ ಈ ಲಾಭದಲ್ಲಿ ಒಂದು ಪಾಲು ಹೋಗುತ್ತದೆ ನಿಜ, ಆದರೂ ಹಿಂದೆ ಸರಿದದ್ದು ವ್ಯರ್ಥವಾಗುವುದಿಲ್ಲ. ಕತ್ತಲಲ್ಲಿ ಡಯಲ್ ತಿರುಗಿಸುವ ಮೊದಲು ಹೆಜ್ಜೆ ಬದಲಿಸಿ ನೋಡಬೇಕು ಎಂದು ನಾನು ಬಲವಾಗಿ ಹೇಳುವುದು ಇದಕ್ಕೇ.

ಐಎಸ್‌ಒ ಎಷ್ಟರವರೆಗೆ ಏರಿಸಬಹುದು? 1600 ದಾಟಬಾರದು ಎನ್ನುತ್ತಾರಲ್ಲ.

ಆ ಮಾತು ಹದಿನೈದು ಇಪ್ಪತ್ತು ವರ್ಷ ಹಿಂದಿನ ಕ್ಯಾಮೆರಾಗಳ ಕಾಲದ್ದು. ಇಂದಿನ ಎಪಿಎಸ್-ಸಿ ಕ್ಯಾಮೆರಾಗಳಲ್ಲಿ 3200 ನಿಶ್ಚಿಂತೆಯ ಸಂಖ್ಯೆ, 6400 ಮನೆಯ ಆಲ್ಬಮ್ಮಿಗೆ ಸಾಕಷ್ಟು ಚೆನ್ನಾಗಿರುತ್ತದೆ. 12800 ರಲ್ಲಿ ಕಾಳು ಕಾಣುತ್ತದೆ, ಕಪ್ಪು ಮರದ ಬಣ್ಣ ಕದಡುತ್ತದೆ, ಆದರೂ ಮುಖ ಗುರುತಿಗೆ ಸಿಗುತ್ತದೆ. ನಿಮ್ಮ ಕ್ಯಾಮೆರಾದ ಮಿತಿಯನ್ನು ಬೇರೆಯವರಿಂದ ಕೇಳಿ ತಿಳಿಯಬೇಕಿಲ್ಲ. ರಾತ್ರಿ ನಿಮ್ಮ ಮನೆಯಲ್ಲೇ ಒಂದು ಮುಖವನ್ನು 1600, 3200, 6400, 12800 ರಲ್ಲಿ ತೆಗೆದು 6×4 ಇಂಚಿನ ಪ್ರಿಂಟ್ ಹಾಕಿಸಿ ಪಕ್ಕಪಕ್ಕ ಇಟ್ಟು ನೋಡಿ. ಪರದೆಯ ಮೇಲೆ ಹಿಗ್ಗಿಸಿ ನೋಡಿದಾಗ ಹೆದರಿಸಿದ ಕಾಳು ಪ್ರಿಂಟಿನಲ್ಲಿ ಎಷ್ಟು ಅಡಗುತ್ತದೆ ಎಂದು ಆಗ ತಿಳಿಯುತ್ತದೆ.

ಇದರಲ್ಲಿ ಒಂದು ಸೆಳೆತ ಇದೆ: ಐಎಸ್‌ಒ ಅನ್ನು 800 ರಲ್ಲೇ ಇಟ್ಟು ಕತ್ತಲ ಚಿತ್ರ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಬೆಳಗಿಸುವುದು. ಜೆಪೆಗ್ ಫೈಲಾದರೆ ಇದರ ಫಲ ಕೆಟ್ಟದ್ದು. ನೆರಳಿನಲ್ಲಿ ಬಣ್ಣದ ಕಲೆಗಳು ಏಳುತ್ತವೆ. ರಾ ಫೈಲಿನಲ್ಲೂ ಹಾಗೆ ಮಾಡಿದರೆ ನಾಯ್ಸ್ ಕಡಿಮೆಯಾಗುವುದಿಲ್ಲ. ಬಂದ ಬೆಳಕು ಅಷ್ಟೇ ಆಗಿರುವಾಗ ಸರಿಯಾದ ಐಎಸ್‌ಒ ಇಟ್ಟು ಅಲ್ಲೇ ಸರಿಯಾದ ಬೆಳಕಿನ ಚಿತ್ರ ಪಡೆಯುವುದೇ ಮೇಲು.

ಒಂದು ಚಿತ್ರವನ್ನು ಮೊದಲಿನಿಂದ ಕೊನೆಯವರೆಗೆ ಲೆಕ್ಕ ಹಾಕಿ ತೋರಿಸುತ್ತೀರಾ?

ನನ್ನ ತಾಯಿಯ ತವರಿನ ಐನ್ಮನೆಯಲ್ಲಿ ಪುತ್ತರಿಯ ರಾತ್ರಿ. ಕದಿರು ತೆಗೆಯಲು ಗದ್ದೆಗೆ ಹೊರಡುವ ಮೊದಲು ಒಕ್ಕದ ಹಿರಿಯರು ತೂಗುದೀಪದ ಅಡಿಯಲ್ಲಿ ಕುಡುಗೋಲನ್ನು ಕೈಗೆ ಕೊಡುವ ಗಳಿಗೆ. ನಡುಬಾಡೆಯಲ್ಲಿ ಇದ್ದದ್ದು ದೀಪ ಮತ್ತು ಮೂಲೆಯ ಒಂದು ಹಳದಿ ಬಲ್ಬು. ನನ್ನ ಬಳಿ ಎಪಿಎಸ್-ಸಿ ಕ್ಯಾಮೆರಾ, ಅದರ ಜೊತೆಗೆ ಬಂದ 18-55 ಲೆನ್ಸ್, ಮತ್ತು ಒಂದು 50 ಮಿ.ಮೀ. f/1.8 ಲೆನ್ಸ್ ಇದ್ದವು.

ಮೊದಲ ಚಿತ್ರವನ್ನು 18-55 ರಲ್ಲಿ, ಪೂರ್ತಿ ಆಟೊದಲ್ಲಿ ತೆಗೆದೆ. ಕ್ಯಾಮೆರಾ ಆರಿಸಿದ್ದು 35 ಮಿ.ಮೀ.ಗೆ f/4.5, 1/10 ಸೆಕೆಂಡ್, ಐಎಸ್‌ಒ 1600. ದೀಪದ ಬತ್ತಿ ಗೆರೆಯಾಗಿತ್ತು, ಕೊಡುವ ಕೈ ಮಾಯವಾಗಿತ್ತು. ಕೈಯ ನಡುಕ ಮತ್ತು ಎದುರಿನವರ ಚಲನೆ ಎರಡೂ ಒಟ್ಟಿಗೆ ಸೇರಿದ ಚಿತ್ರ ಅದು.

ಕೊಡುವ ಕೈ ನಿಲ್ಲಬೇಕಾದರೆ 1/125 ಬೇಕು. 1/10 ರಿಂದ 1/125 ಎಂದರೆ ಮೂರೂವರೆ ಸ್ಟಾಪಿಗಿಂತ ಸ್ವಲ್ಪ ಹೆಚ್ಚು. ಅಪರ್ಚರ್ f/4.5 ರಲ್ಲೇ ಇದ್ದರೆ ಆ ಬಾಕಿಯನ್ನೆಲ್ಲ ಐಎಸ್‌ಒ ಹೊರಬೇಕು: 1600 ಹೋಗಿ 20000 ಆಗುತ್ತದೆ. ನನ್ನ ಕ್ಯಾಮೆರಾದಲ್ಲಿ ಅದು ನೋಡುವಂತಿರುವುದಿಲ್ಲ. ಆದ್ದರಿಂದ 50 ಮಿ.ಮೀ. ಲೆನ್ಸ್ ಹಾಕಿದೆ. f/4.5 ರಿಂದ f/1.8 ಗೆ ತೆರೆದರೆ ಎರಡೂವರೆ ಸ್ಟಾಪಿಗಿಂತ ಸ್ವಲ್ಪ ಹೆಚ್ಚು ಬೆಳಕು ಸಿಗುತ್ತದೆ, ಐಎಸ್‌ಒ 3200 ಕ್ಕೆ ಬಂದು ನಿಲ್ಲುತ್ತದೆ.

ಇಷ್ಟು ಹೊತ್ತಿಗೆ ಲೆಕ್ಕ ಸರಿಹೋಯಿತು, ಚಿತ್ರ ಸರಿಹೋಗಲಿಲ್ಲ. ನಾನು ಕುಡುಗೋಲು ಪಡೆಯುವವರ ಬೆನ್ನ ಹಿಂದೆ, ಭುಜದ ಮೇಲಿಂದ ನೋಡುತ್ತಿದ್ದೆ. ಹಿರಿಯರ ಮುಖ ಎರಡು ಮೀಟರ್ ದೂರದಲ್ಲಿ, ಅವರು ಚಾಚಿದ ಕುಡುಗೋಲು ಒಂದೂವರೆ ಮೀಟರಿನಲ್ಲಿ. ನಡುವೆ 50 ಸೆಂ.ಮೀ., ನನ್ನ ಬಳಿ ಇದ್ದ ಆಳ 11. ಮುಖ ಚೊಕ್ಕವಾದರೆ ಕುಡುಗೋಲು ಮಸುಕು, ಕುಡುಗೋಲು ಚೊಕ್ಕವಾದರೆ ಮುಖ ಮಸುಕು. ಅಪರ್ಚರ್ ಕಿರಿದು ಮಾಡಿ ಎರಡನ್ನೂ ಹಿಡಿಯೋಣ ಎಂದರೆ f/11 ರ ತನಕ ಹೋಗಬೇಕು, ಆಗ ಐಎಸ್‌ಒ ಒಂದು ಲಕ್ಷ ದಾಟುತ್ತದೆ. ಡಯಲಿನಲ್ಲಿ ಇದಕ್ಕೆ ಉತ್ತರವೇ ಇಲ್ಲ.

ಉತ್ತರ ಇದ್ದದ್ದು ನಿಂತ ಜಾಗದಲ್ಲಿ. ನಾನು ಪಕ್ಕಕ್ಕೆ ಸುತ್ತಿ ಬಂದು ಕಂಬಕ್ಕೆ ಒರಗಿ, ಕೊಡುವವರು ಪಡೆಯುವವರು ಇಬ್ಬರನ್ನೂ ಅಡ್ಡದಿಂದ ಕಾಣುವಂತೆ ಎರಡೂವರೆ ಮೀಟರಿನಲ್ಲಿ ನಿಂತೆ. ಈಗ ಎರಡು ಮುಖ, ನಡುವಿನ ಕುಡುಗೋಲು, ಎಲ್ಲವೂ ನನ್ನಿಂದ ಹೆಚ್ಚುಕಡಿಮೆ ಒಂದೇ ದೂರ. 18 ಸೆಂ.ಮೀ. ಆಳದಲ್ಲಿ ಮೂರೂ ಕುಳಿತವು. ಈ ಲೆನ್ಸಿನಲ್ಲಿ ಆ ದೂರಕ್ಕೆ ಚೌಕಟ್ಟಿನ ಅಗಲ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು. ಇಬ್ಬರು ಸೊಂಟದಿಂದ ಮೇಲೆ ಒತ್ತಾಗಿ ಹಿಡಿಯುತ್ತಾರೆ.

ಕೊನೆಯದಾಗಿ ಬೆಳಕಿನ ತಿದ್ದುಪಡಿ. ಕ್ಯಾಮೆರಾ ಹೇಳಿದ ಬೆಳಕಿನಲ್ಲಿ ತೆಗೆದ ಪರೀಕ್ಷೆಯ ಚಿತ್ರದಲ್ಲಿ ಕಪ್ಪು ಮರ ಬೂದಿಯಂತೆ, ಮುಖಗಳು ಬಿಳಿಚಿದಂತೆ ಬಂದಿದ್ದವು. ಬೆಳಕನ್ನು ಒಂದು ಸ್ಟಾಪಿನ ಮೂರರಲ್ಲಿ ಎರಡು ಪಾಲು ತಗ್ಗಿಸಿದೆ. ಐಎಸ್‌ಒ 3200 ರಿಂದ 2000 ಕ್ಕೆ ಇಳಿಯಿತು. ಕೊನೆಗೆ ಉಳಿದ ಚಿತ್ರ: 50 ಮಿ.ಮೀ., f/1.8, 1/125, ಐಎಸ್‌ಒ 2000. ಆಟೊದ ಮೊದಲ ಚಿತ್ರದ ಐಎಸ್‌ಒಗೂ ಇದಕ್ಕೂ ಹೆಚ್ಚೇನೂ ಅಂತರವಿಲ್ಲ, ಷಟರ್ ಮಾತ್ರ ಹನ್ನೆರಡು ಪಟ್ಟು ವೇಗ.

ಕ್ಯಾಮೆರಾ ಹೇಳಿದ ಬೆಳಕನ್ನು ತಗ್ಗಿಸಿದ್ದೇಕೆ? ಕತ್ತಲಲ್ಲಿ ಹೆಚ್ಚಿಸಬೇಕಲ್ಲವೇ?

ಕ್ಯಾಮೆರಾದ ಮೀಟರ್ ತನ್ನೆದುರಿನ ಎಲ್ಲವನ್ನೂ ಸರಾಸರಿ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಚೌಕಟ್ಟಿನ ಬಹುಪಾಲು ಕಪ್ಪು ಮರ ಮತ್ತು ಗಂಡಸರ ಕಪ್ಪು ನಿಲುವಂಗಿ ಕುಪ್ಯವೇ ಆಗಿದ್ದರೆ, ಬೆಳಕು ಸಾಲದು ಎಂದುಕೊಂಡು ಕಪ್ಪನ್ನು ಬೂದು ಮಾಡಲು ಹೊರಡುತ್ತದೆ. ಅದಕ್ಕಾಗಿ ಷಟರ್ ಅನ್ನು ನಿಧಾನ ಮಾಡುತ್ತದೆ ಅಥವಾ ಐಎಸ್‌ಒ ಏರಿಸುತ್ತದೆ. ನಿಮಗೆ ಬೇಕಿಲ್ಲದ ಬೆಳಕಿಗೆ ನೀವು ಬೆಲೆ ತೆರುತ್ತೀರಿ. ಕಪ್ಪು ಕಪ್ಪಾಗಿಯೇ ಇರಲಿ, ಚರ್ಮದ ಬಣ್ಣ ಸರಿ ಇದೆಯೇ ಎಂಬುದನ್ನಷ್ಟೇ ನೋಡಿ.

ಮದುವೆಯಲ್ಲಿ ಇದು ತಿರುವುಮುರುವಾಗುತ್ತದೆ. ಮದುಮಗನ ಕುಪ್ಯ ಬಿಳಿ. ಅವನು ಚೌಕಟ್ಟನ್ನು ತುಂಬಿದಾಗ ಮೀಟರ್ ಬೆಳಕು ಹೆಚ್ಚಾಯಿತು ಎಂದುಕೊಂಡು ತಗ್ಗಿಸುತ್ತದೆ, ಮುಖ ಕತ್ತಲಾಗುತ್ತದೆ. ಅಲ್ಲಿ ಅಷ್ಟೇ ಪ್ರಮಾಣವನ್ನು ಹೆಚ್ಚಿಸಬೇಕು. ಉರಿಯುವ ದೀಪವೇ ಚೌಕಟ್ಟಿನ ನಡುವೆ ಇದ್ದರೂ ಇದೇ ತೊಂದರೆ.

ನಾನು ಮಾಡುವ ಕ್ರಮ ಹೀಗಿದೆ. ಡಯಲನ್ನು M ಗೆ ತಿರುಗಿಸಿ ಷಟರ್, ಅಪರ್ಚರ್ ಎರಡನ್ನೂ ಕೈಯಲ್ಲೇ ಇಟ್ಟು, ಐಎಸ್‌ಒ ಮಾತ್ರ ಆಟೊಗೆ ಬಿಟ್ಟು, ಗರಿಷ್ಠ ಮಿತಿಯನ್ನು 6400 ಎಂದು ಮೆನುವಿನಲ್ಲಿ ಬರೆಯುತ್ತೇನೆ. +/- ಗುಂಡಿಯಿಂದ ಬೆಳಕು ತಿದ್ದುತ್ತೇನೆ. ಕೆಲವು ಹಳೆಯ ಕ್ಯಾಮೆರಾಗಳಲ್ಲಿ M ನಲ್ಲಿ ಈ ಗುಂಡಿ ಆಟೊ ಐಎಸ್‌ಒ ಮೇಲೆ ಕೆಲಸ ಮಾಡುವುದಿಲ್ಲ. ಆಗ ಐಎಸ್‌ಒ ಅನ್ನೂ ಕೈಯಲ್ಲೇ ಇಡಿ. ರಾತ್ರಿ ಮನೆಯೊಳಗಿನ ಬೆಳಕು ಗಳಿಗೆಗೊಮ್ಮೆ ಬದಲಾಗುವುದಿಲ್ಲವಾದ್ದರಿಂದ ಅದೇನೂ ಕಷ್ಟವಲ್ಲ. 6400 ಕ್ಕೆ ಮುಟ್ಟಿಯೂ ಚಿತ್ರ ಕತ್ತಲಾಗುತ್ತಿದ್ದರೆ ಷಟರ್ ಅನ್ನು 1/80 ಗೆ ಇಳಿಸಿ, ಚಲನೆ ನಿಲ್ಲುವ ಗಳಿಗೆಗೆ ಕಾಯಿರಿ.

ಕತ್ತಲಲ್ಲಿ ಫೋಕಸ್ ಹಿಂದೆ ಮುಂದೆ ಓಡುತ್ತಲೇ ಇರುತ್ತದೆ. ಏನು ಮಾಡಲಿ?

ಆಟೊಫೋಕಸ್‌ಗೆ ಬೇಕಾಗಿರುವುದು ಕಪ್ಪು ಬಿಳುಪಿನ ಅಂಚು. ಕಪ್ಪು ಬಟ್ಟೆಯ ಮೇಲೆ ಚುಕ್ಕಿ ಇಟ್ಟರೆ ಅದಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ಕಣ್ಣಿನ ರೆಪ್ಪೆಯ ಅಂಚು, ಹಣೆಯ ಬೊಟ್ಟು, ಕನ್ನಡಕದ ಚೌಕಟ್ಟು, ಸೊಂಟಕ್ಕೆ ಕಟ್ಟಿದ ಚೇಲೆಯ ಜರಿ, ಇಂಥ ಕಡೆ ಚುಕ್ಕಿ ಇಡಿ. ವ್ಯೂಫೈಂಡರಿಗೆ ಕಣ್ಣಿಟ್ಟು ತೆಗೆಯುವ ಡಿಎಸ್‌ಎಲ್‌ಆರ್ ಆದರೆ ನಡುವಿನ ಚುಕ್ಕಿಯನ್ನೇ ಬಳಸಿ. ಸಾಮಾನ್ಯವಾಗಿ ಅದೇ ಹೆಚ್ಚು ಸೂಕ್ಷ್ಮ. ಫೋಕಸ್ ಹಿಡಿದ ಮೇಲೆ ಚೌಕಟ್ಟನ್ನು ಹೆಚ್ಚು ತಿರುಗಿಸಬೇಡಿ. ಆಳವೇ 11 ಸೆಂ.ಮೀ. ಇರುವಾಗ ನೀವು ಮುಂದಕ್ಕೆ ಒಂದಿಷ್ಟು ವಾಲಿದರೂ ಕಣ್ಣು ಆಚೆ ಹೋಗುತ್ತದೆ.

ಟ್ಯೂಬ್‌ಲೈಟ್ ಇದ್ದಾಗ ಒಂದು ಚಿತ್ರ ಬೆಳ್ಳಗೆ, ಮತ್ತೊಂದು ಕತ್ತಲು, ಕೆಲವೊಮ್ಮೆ ಪಟ್ಟೆ ಪಟ್ಟೆ. ಕ್ಯಾಮೆರಾ ಕೆಟ್ಟಿದೆಯೇ?

ಇಲ್ಲ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸಲ ತಿರುಗುವಂಥದ್ದು, ದೀಪ ಅದಕ್ಕೆ ಸರಿಯಾಗಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಹಳೆಯ ಚೋಕಿನ ಟ್ಯೂಬ್‌ಲೈಟು ಮತ್ತು ಅಗ್ಗದ ಎಲ್‌ಇಡಿ ಬಲ್ಬುಗಳಲ್ಲಿ ಇದು ಜೋರು. ಷಟರ್ 1/100 ಇದ್ದರೆ ಪ್ರತಿ ಚಿತ್ರಕ್ಕೂ ಒಂದು ಪೂರ್ತಿ ಮಿನುಗು ಸಿಗುತ್ತದೆ, ಬೆಳಕು ಸಮನಾಗಿರುತ್ತದೆ. 1/250 ಆದರೆ ಮಿನುಗಿನ ತುಂಡೊಂದು ಮಾತ್ರ ಸಿಗುತ್ತದೆ. ಆದ್ದರಿಂದ ಅಂಥ ದೀಪದಡಿಯಲ್ಲಿ 1/125 ರ ಬದಲು 1/100 ಇಡಿ. ಕೈಯ ಲೆಕ್ಕಕ್ಕೂ ಅದು ಸಾಲುತ್ತದೆ. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರ್ ಹಾಕಿದ್ದರೆ ಪಟ್ಟೆ ಇನ್ನೂ ಹೆಚ್ಚು. ಅದನ್ನು ಬಿಟ್ಟು ಮೆಕ್ಯಾನಿಕಲ್ ಷಟರಿಗೆ ಬನ್ನಿ. ಎಣ್ಣೆದೀಪಕ್ಕೆ ಈ ಕಾಟವಿಲ್ಲ.

ಕ್ಯಾಮೆರಾ ಹಿಡಿಯುವ ಬಗೆಯಲ್ಲಿ ಏನಾದರೂ ಗಳಿಸಬಹುದೇ?

ಖಂಡಿತ. ಎಡ ಅಂಗೈಯನ್ನು ಲೆನ್ಸಿನ ಅಡಿಗೆ ಕೊಟ್ಟು, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಬೆನ್ನನ್ನು ಕಂಬಕ್ಕೆ ಒರಗಿಸಿ. ಮನೆಮುಂದಿನ ಜಗಲಿಯಾದ ಕೈಯಾಲೆಯಲ್ಲಿ ಕಂಬದಿಂದ ಕಂಬಕ್ಕೆ ಹಾಕಿದ ಐಮರದ ಹಲಗೆ ಕುಳಿತು ತೆಗೆಯಲು ಬಹಳ ಚೆನ್ನಾಗಿರುತ್ತದೆ; ಮೊಣಕೈಯನ್ನು ಮೊಣಕಾಲಿನ ಮೇಲೆ ಊರಬಹುದು. ಉಸಿರು ಅರ್ಧ ಬಿಟ್ಟ ಮೇಲೆ ಗುಂಡಿಯನ್ನು ಮೆಲ್ಲಗೆ ಹಿಂಡಿ, ಒಂದರ ಹಿಂದೆ ಒಂದು ಮೂರು ಚಿತ್ರ ಬರುವಂತೆ ಹಿಡಿದಿರಿ. ಬೆರಳು ಒತ್ತುವಾಗಿನ ಅಲುಗಾಟ ಮೊದಲನೆಯದರಲ್ಲಿ, ಬಿಡುವಾಗಿನದು ಮೂರನೆಯದರಲ್ಲಿ ಬೀಳುತ್ತದೆ. ಬಹಳ ಸಲ ಉಳಿಸಿಕೊಳ್ಳುವಂಥದ್ದು ನಡುವಿನದು.

ನನ್ನ ಬಳಿ 18-55 ಲೆನ್ಸ್ ಮಾತ್ರ ಇದೆ. ಬೇರೆ ಕೊಳ್ಳಲೇಬೇಕೇ?

ಕೊಳ್ಳುವ ಮೊದಲು ಅದನ್ನು 18 ಮಿ.ಮೀ.ಗೆ ತಂದು ಹತ್ತಿರ ಹೋಗಿ. ಅಲ್ಲಿ ಅದು f/3.5 ಗೆ ತೆರೆಯುತ್ತದೆ, 55 ಕ್ಕೆ ಜೂಮ್ ಮಾಡಿದರೆ f/5.6 ಗೆ ಮುಚ್ಚಿಕೊಳ್ಳುತ್ತದೆ. ಇದರಿಂದಲೇ ಒಂದು ಸ್ಟಾಪಿಗಿಂತ ಹೆಚ್ಚು ಬೆಳಕಿನ ಅಂತರ. ನಾನು ಮೇಲೆ ಹೇಳಿದ ನಡುಬಾಡೆಯ ಬೆಳಕಿನಲ್ಲಿ 18 ಮಿ.ಮೀ., f/3.5, 1/60 ಇಟ್ಟರೆ ಮೀಟರ್ ಕೇಳುವ ಐಎಸ್‌ಒ ಸುಮಾರು 6400. ಜನ ಸುಮ್ಮನೆ ನಿಂತ ಗಳಿಗೆಯಾದರೆ ಇದು ಸಾಕು, ಒಕ್ಕದ ಗುಂಪು ಚಿತ್ರಕ್ಕೆ ಇದೇ ಹೆಚ್ಚು ಸೂಕ್ತ, ಏಕೆಂದರೆ 18 ಮಿ.ಮೀ.ನಲ್ಲಿ ಆಳ ಧಾರಾಳ. ಮುಖವನ್ನು ಚೌಕಟ್ಟಿನ ಅಂಚಿಗೆ ಮಾತ್ರ ತರಬೇಡಿ, ಎಳೆದಂತೆ ಕಾಣುತ್ತದೆ. ಒಬ್ಬರ ಮುಖ, ಚಲಿಸುವ ಕೈ, ಇಂಥವೇ ನಿಮಗೆ ಮುಖ್ಯವಾದರೆ ಆಗ 50 ಮಿ.ಮೀ. f/1.8 ಕೊಳ್ಳಿ. ಅಥವಾ ಕಿರಿದಾದ ಕೋಣೆಗಳಿಗೆ ಇನ್ನೂ ಅನುಕೂಲವಾದ 35 ಮಿ.ಮೀ. f/1.8.

ಮೊಬೈಲಿನಲ್ಲಿ ಇದೆಲ್ಲ ಅನ್ವಯಿಸುತ್ತದೆಯೇ?

ಭಾಗಶಃ. ಬಹುತೇಕ ಮೊಬೈಲುಗಳಲ್ಲಿ ಅಪರ್ಚರ್ ಬದಲಾಗುವುದಿಲ್ಲ, ಉಳಿಯುವುದು ಷಟರ್ ಮತ್ತು ಐಎಸ್‌ಒ. ನೈಟ್ ಮೋಡ್ ಒಂದೆರಡು ಸೆಕೆಂಡಿನಲ್ಲಿ ಹಲವು ಚಿತ್ರ ತೆಗೆದು ಒಂದರ ಮೇಲೊಂದು ಜೋಡಿಸುತ್ತದೆ. ಖಾಲಿ ಕೋಣೆಗೆ ಅದು ಅದ್ಭುತ, ಕೈಯಾಡಿಸುವ ಜನರಿಗೆ ಅಲ್ಲ. ಜನರಿದ್ದಾಗ ಅದನ್ನು ಬಂದ್ ಮಾಡಿ, 1x ಎಂದು ಬರೆದಿರುವ ಮುಖ್ಯ ಕ್ಯಾಮೆರಾದಲ್ಲೇ ತೆಗೆಯಿರಿ. ಪ್ರೊ ಮೋಡ್ ಇದ್ದರೆ ಷಟರ್ 1/100 ಇಡಿ.

ಫ್ಲ್ಯಾಶ್ ಅನ್ನು ಚಾವಣಿಗೆ ತಿರುಗಿಸಿ ಹೊಡೆದರೆ ಆಗದೇ?

ಬಿಳಿ ಸುಣ್ಣದ ಚಾವಣಿ ಇದ್ದರೆ ಆಗುತ್ತದೆ. ಕಪ್ಪು ಮರದ ಚಾವಣಿಯಿಂದ ಬೆಳಕು ಹಿಂದಿರುಗುವುದು ಬಹಳ ಕಡಿಮೆ, ಬಂದದ್ದೂ ಕಂದು ಬಣ್ಣ ಹೊತ್ತು ಬರುತ್ತದೆ. ನೇರ ಹೊಡೆದರೆ ದೀಪದ ಬೆಳಕೇ ಅಳಿಸಿಹೋಗುತ್ತದೆ, ಆ ಬೆಳಕಿಗಾಗಿಯೇ ಅಲ್ಲವೇ ನೀವು ಚಿತ್ರ ತೆಗೆಯಲು ನಿಂತದ್ದು.

ಜನರನ್ನು ಕೂರಿಸಿ ತೆಗೆಯುವ ಅವಕಾಶವಿದ್ದರೆ ಅವರನ್ನೇ ಬೆಳಕಿನ ಹತ್ತಿರ ಕರೆಯಿರಿ. ದೀಪದಿಂದ ಎರಡು ಮೀಟರ್ ದೂರ ಇದ್ದವರನ್ನು ಒಂದು ಮೀಟರಿಗೆ ತಂದರೆ ದೀಪದಿಂದ ಬೀಳುವ ಬೆಳಕು ನಾಲ್ಕು ಪಟ್ಟು, ಅಂದರೆ ಎರಡು ಸ್ಟಾಪ್. ಐಎಸ್‌ಒ 6400 ಇದ್ದದ್ದು 1600 ಕ್ಕೆ ಇಳಿಯುತ್ತದೆ. ಕಕ್ಕಡದ ಮಳೆಯ ಮಧ್ಯಾಹ್ನ ಒಳಗೆ ಕೂತ ಅಜ್ಜಿಯನ್ನು ಕೈಯಾಲೆಯ ಐಮರಕ್ಕೆ ಕರೆದು ಕೂರಿಸಿದರೂ ಹೀಗೆಯೇ.

ಷಟರ್ ಸರಿ, ಫೋಕಸ್ ಸರಿ, ಆದರೂ ಇಡೀ ಚಿತ್ರ ಹಾಲು ಬೆರೆತಂತೆ ಮಸುಕು. ಮಳೆಗಾಲದಲ್ಲಿ ಮಾತ್ರ ಹೀಗೆ.

ಲೆನ್ಸಿನ ಗಾಜನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಹಬೆ ಕಟ್ಟಿರುತ್ತದೆ. ತೋಟದ ತಣ್ಣನೆಯ ಮಳೆಗಾಳಿಯಿಂದ ಬಂದ ಕ್ಯಾಮೆರಾವನ್ನು ಒಲೆ ಉರಿಯುವ, ಕಡುಬು ಬೇಯುವ ಅಡುಗೆಮನೆಗೆ ನೇರವಾಗಿ ತಂದರೆ, ತಣ್ಣಗಿನ ಗಾಜಿನ ಮೇಲೆ ಬಿಸಿ ಗಾಳಿಯ ತೇವ ಕೂರುತ್ತದೆ. ಒರೆಸಿದರೆ ಮತ್ತೆ ಕಟ್ಟುತ್ತದೆ. ಚೀಲದ ಜಿಪ್ ಮುಚ್ಚಿದಂತೆಯೇ ಕ್ಯಾಮೆರಾವನ್ನು ಒಳಗೆ ತಂದು ಇಪ್ಪತ್ತು ಮೂವತ್ತು ನಿಮಿಷ ಹಾಗೆಯೇ ಇಡಿ. ಗಾಜು ಕೋಣೆಯ ಬಿಸಿಗೆ ಬಂದ ಮೇಲೆ ತೆರೆಯಿರಿ. ಹಬೆ ಇಲ್ಲದಿದ್ದರೂ ಮಸುಕು ಉಳಿದಿದ್ದರೆ ಟಾರ್ಚನ್ನು ಲೆನ್ಸಿನ ಹಿಂಬದಿಯಿಂದ ಹಾಯಿಸಿ ಮುಂದಿನಿಂದ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಅದನ್ನು ಲೆನ್ಸ್ ಬಿಚ್ಚಿ ಶುಚಿ ಮಾಡಲು ಬಲ್ಲವರ ಕೈಗೆ ಕೊಡಿ, ಅಲ್ಲಿಯವರೆಗೆ ಉಳಿದ ಲೆನ್ಸುಗಳಿಂದ ದೂರ ಇಡಿ. ಉಳಿದವನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೊಟ್ಟಣಗಳನ್ನು ಆಗಾಗ ಒಣಗಿಸುತ್ತಿರಿ.